ಕಿಟಕಿ ಬೆನ್ನ ಹಿಂದೆ ಇದ್ದರೆ ಮ್ಯಾಟ್ ಸ್ಕ್ರೀನ್ ಕೊಂಡರೂ ಸಾಲದು

ಪ್ರಶ್ನೆ: ನಾನು ಮನೆಯಲ್ಲೇ ಕನ್ನಡ ಪುಸ್ತಕಗಳ ಪುಟ ಕಟ್ಟುವುದು, ಕರಡು ತಿದ್ದುವುದು ಮಾಡುತ್ತೇನೆ. ರಾಜಾಜಿನಗರದಲ್ಲಿ ಮೊದಲನೇ ಮಹಡಿ, ರೂಮು 10 ಅಡಿಗೆ 11 ಅಡಿ. ಪಶ್ಚಿಮದ ಗೋಡೆ ಮಧ್ಯೆ 4 ಅಡಿ ಅಗಲದ ಕಿಟಕಿ, ದಕ್ಷಿಣದ ಗೋಡೆಯಲ್ಲಿ ಟ್ಯೂಬ್‌ಲೈಟ್. ಟೇಬಲ್ಲು ಪೂರ್ವದ ಗೋಡೆಗೆ ಒತ್ತಿಕೊಂಡಿದೆ, ಕಿಟಕಿ ನನ್ನ ಬೆನ್ನ ಹಿಂದೆ ಬರುತ್ತದೆ. 24 ಇಂಚಿನ ಮಾನಿಟರ್, ಗಾಜಿನಂತೆ ಹೊಳೆಯುವ ಸ್ಕ್ರೀನು. ಮಧ್ಯಾಹ್ನದ ಮೇಲೆ ಅಕ್ಷರಕ್ಕಿಂತ ಕಿಟಕಿ ಕಂಬಿಗಳೇ ಚೆನ್ನಾಗಿ ಕಾಣುತ್ತವೆ. ಇದನ್ನು ಕೊಟ್ಟು ಮ್ಯಾಟ್ ಸ್ಕ್ರೀನಿನದು ತಗೊಳ್ಳಲಾ? ಮೇಲೆ ಅಂಟಿಸುವ ಮ್ಯಾಟ್ ಶೀಟ್ ಸಾಕಾಗುತ್ತಾ?

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ಮೊದಲು ಟೇಬಲ್ ತಿರುಗಿಸಿ. ನಿಮ್ಮ ರೂಮಿನ ಅಳತೆ ನೋಡಿದರೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯುತ್ತದೆ. ಆಮೇಲೆ ಏನು ಉಳಿಯುತ್ತದೋ ಅದನ್ನು ನೋಡಿಕೊಂಡು ಮ್ಯಾಟೋ ಗ್ಲಾಸಿಯೋ ಅಂತ ತೀರ್ಮಾನ ಮಾಡಿದರೆ ದುಡ್ಡು ಸರಿಯಾದ ಕಡೆ ಹೋಗುತ್ತದೆ.

ಯಾಕೆ ಹಾಗೆ ಹೇಳುತ್ತೇನೆ ಅಂದರೆ, ಇದರಲ್ಲೊಂದು ಸಣ್ಣ ಲೆಕ್ಕ ಇದೆ. ಲೇಪನ ಇಲ್ಲದ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4 ಪಾಲನ್ನು ವಾಪಸ್ ಕಳಿಸುತ್ತದೆ. ಬರೀ ನಾಲ್ಕೇ ಅಲ್ವಾ ಅನಿಸಬಹುದು. ಆದರೆ ಹೊಳಪನ್ನು ಅಳೆಯುವ ನಿಟ್ ಲೆಕ್ಕದಲ್ಲಿ, ಮನೆಯಲ್ಲಿ ಬಳಸುವ ಮಾನಿಟರಿನ ಬಿಳಿ ಪುಟ ಪೂರ್ತಿ ಏರಿಸಿದರೂ ಸುಮಾರು 250 ನಿಟ್. ಕಿಟಕಿಯಲ್ಲಿ ಕಾಣುವ ಹಗಲಿನ ಆಕಾಶ ಮೋಡವಿದ್ದಾಗಲೂ ಸಾವಿರಾರು ನಿಟ್. ಐದು ಸಾವಿರ ಅಂತ ಇಟ್ಟುಕೊಳ್ಳಿ. ಅದರ ನೂರಕ್ಕೆ ನಾಲ್ಕು ಅಂದರೆ 200 ನಿಟ್. ನಿಮ್ಮ ಸ್ಕ್ರೀನಿನಲ್ಲಿ ಕಿಟಕಿ ಮೂಡಿದ ಜಾಗದಲ್ಲಿ ಕಪ್ಪು ಅಕ್ಷರ 200 ನಿಟ್ ಬೆಳಗುತ್ತದೆ, ಅದರ ಸುತ್ತಲಿನ ಬಿಳಿ 450 ಆಗುತ್ತದೆ. ಕತ್ತಲೆಯಲ್ಲಿ ಕಪ್ಪಿಗಿಂತ ಸಾವಿರ ಪಟ್ಟು ಬೆಳಗುತ್ತಿದ್ದ ಬಿಳಿ ಈಗ ಬರೀ ಎರಡೂಕಾಲು ಪಟ್ಟು. ಅಕ್ಷರ ಮಸುಕಾಗುವುದು ಇದರಿಂದ. ಬ್ರೈಟ್‌ನೆಸ್ ಏರಿಸಿ ಇದನ್ನು ಗೆಲ್ಲಲು ಆಗುವುದಿಲ್ಲ. ಆಕಾಶದ ಜೊತೆ ಪಂದ್ಯ ಕಟ್ಟಿದ ಹಾಗೆ.

ಅದೇ ಸ್ಕ್ರೀನಿನ ಎದುರಿಗೆ ಕಿಟಕಿ ಬದಲು ಒಂದು ಸಾದಾ ಗೋಡೆ ಇದೆ ಅನ್ನಿ. ಹಗಲಿನಲ್ಲಿ ರೂಮಿನೊಳಗಿನ ತಿಳಿ ಬಣ್ಣದ ಗೋಡೆಯ ಹೊಳಪು 50 ನಿಟ್ ಅಂತ ಹಿಡಿದರೆ ಸ್ಕ್ರೀನಿಂದ ವಾಪಸ್ ಬರುವುದು 2 ನಿಟ್. ಬಿಳಿ, ಕಪ್ಪಿಗಿಂತ ನೂರು ಪಟ್ಟಿಗೂ ಜಾಸ್ತಿ ಬೆಳಗುತ್ತದೆ. ಗಾಜು ಅದೇ, ಮಾನಿಟರ್ ಅದೇ. ಎದುರಿಗೆ ಏನಿದೆ ಅನ್ನುವುದು ಮಾತ್ರ ಬದಲಾಯಿತು.

ಮೊದಲು ಒಂದು ಪರೀಕ್ಷೆ

ನಿಮಗೆ ಅತಿ ಹೆಚ್ಚು ತೊಂದರೆ ಆಗುವ ಹೊತ್ತಿನಲ್ಲಿ, ನಾಲ್ಕು ಗಂಟೆ ಅಂತಿಟ್ಟುಕೊಳ್ಳೋಣ, ಮಾನಿಟರ್ ಆಫ್ ಮಾಡಿ. ಕೆಲಸ ಮಾಡುವಾಗ ಹೇಗೆ ಕೂರುತ್ತೀರೋ ಹಾಗೇ ಕೂತು ಕಪ್ಪು ಸ್ಕ್ರೀನನ್ನು ನೋಡಿ. ಅದರಲ್ಲಿ ಬೆಳ್ಳಗೆ ಕಾಣುವುದೆಲ್ಲ ನಿಮ್ಮ ಅಕ್ಷರಗಳನ್ನು ತಿನ್ನುತ್ತಿರುವ ವಸ್ತು. ಕಿಟಕಿ ಇರಬಹುದು, ಎದುರು ಮನೆಯ ಸುಣ್ಣದ ಗೋಡೆ ಇರಬಹುದು, ಬೀರುವಿನ ಕನ್ನಡಿ ಇರಬಹುದು, ನೀವು ಹಾಕಿಕೊಂಡ ಬಿಳಿ ಬಟ್ಟೆಯೂ ಇರಬಹುದು. ಮ್ಯಾಟ್ ಸ್ಕ್ರೀನ್ ಇರುವವರಿಗೆ ಹೀಗೆ ಆಕಾರ ಕಾಣುವುದಿಲ್ಲ, ಬರೀ ಬೂದು ಮಬ್ಬು ಕಾಣುತ್ತದೆ. ಅವರು ಒಂದು ಸಣ್ಣ ಕನ್ನಡಿಯನ್ನು ಸ್ಕ್ರೀನಿಗೆ ಚಪ್ಪಟೆಯಾಗಿ ಒರಗಿಸಿ ಹಿಡಿದು, ಮಬ್ಬಿರುವ ಜಾಗದ ಮೇಲೆ ಸರಿಸುತ್ತಾ ಹೋದರೆ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಈ ಪರೀಕ್ಷೆಯನ್ನು ದಿನಕ್ಕೆ ಮೂರು ಸಲ ಮಾಡಿ: ಬೆಳಿಗ್ಗೆ, ಮಧ್ಯಾಹ್ನದ ಮೇಲೆ, ದೀಪ ಹಾಕಿದ ಮೇಲೆ. ಒಮ್ಮೆ ಒಂದು ಆಫೀಸಿನಲ್ಲಿ ಪೂರ್ವಕ್ಕೆ ಮಾತ್ರ ಕಿಟಕಿ ಇತ್ತು. ಬೆಳಗಿನ ಬಿಸಿಲಿಗೆ ಬೇಕಾದ್ದೆಲ್ಲ ಮಾಡಿ ಬಂದೆ. ಸಂಜೆ ನಾಲ್ಕೂವರೆಗೆ ಸ್ಕ್ರೀನ್ ಕಾಣುತ್ತಿಲ್ಲ ಅಂತ ಫೋನ್ ಬಂತು. ಹೋಗಿ ನೋಡಿದರೆ ರಸ್ತೆಯ ಆಚೆ ಇದ್ದ ಗಾಜಿನ ಕಟ್ಟಡ ಪಶ್ಚಿಮದ ಬಿಸಿಲನ್ನು ಹಿಡಿದು ನೇರ ಇವರ ಪೂರ್ವದ ಕಿಟಕಿಗೆ ಎಸೆಯುತ್ತಿತ್ತು. ನಾನು ಸಂಜೆ ಹೊತ್ತು ನೋಡದೇ ಬಂದದ್ದು ತಪ್ಪು. ಬೆಂಗಳೂರಿನಲ್ಲಿ ಈಗ ಗಾಜಿನ ಮುಖದ ಕಟ್ಟಡಗಳು ಎಷ್ಟಾಗಿವೆ ಅಂದರೆ ಬರೀ ದಿಕ್ಕು ನೋಡಿ ಹೇಳುವುದು ಕಷ್ಟ.

ಟೇಬಲ್ ಎಲ್ಲಿಗೆ

ಕಿಟಕಿ ಬೆನ್ನ ಹಿಂದೆ ಇದ್ದರೆ ಸ್ಕ್ರೀನಿನಲ್ಲಿ ಮೂಡುತ್ತದೆ. ಹಾಗಂತ ಕಿಟಕಿಗೆ ಮುಖ ಮಾಡಿ ಕೂತರೂ ಸುಖವಿಲ್ಲ. ಮಾನಿಟರಿನ ಹಿಂದೆಯೇ ಸಾವಿರಾರು ನಿಟ್ ಆಕಾಶ ಇರುತ್ತದೆ, ಕಣ್ಣಿನ ಪಾಪೆ ಅದಕ್ಕೆ ಹೊಂದಿಕೊಂಡು ಕಿರಿದಾಗುತ್ತದೆ, ಸ್ಕ್ರೀನು ಮಂಕಾಗಿ ಕಾಣುತ್ತದೆ. ಆದ್ದರಿಂದ ಕಿಟಕಿ ಪಕ್ಕಕ್ಕೆ ಬರಬೇಕು. ನಿಮಗೆ ಉತ್ತರದ ಗೋಡೆ ಸರಿ. ಉತ್ತರಕ್ಕೆ ಮುಖ ಮಾಡಿ ಕೂತರೆ ಕಿಟಕಿ ಎಡಗಡೆಗೆ ಬರುತ್ತದೆ. ಬಲಗೈಯಲ್ಲಿ ಕರಡು ತಿದ್ದುವವರಿಗೆ ಎಡಗಡೆಯ ಬೆಳಕೇ ಒಳ್ಳೆಯದು, ಕೈ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಮನೆಯಲ್ಲಿ ವಾಸ್ತು ನೋಡುವವರು ಇದ್ದರೆ ಅವರಿಗೂ ಉತ್ತರ ಒಪ್ಪಿಗೆಯೇ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಕಿಟಕಿ ಪಕ್ಕಕ್ಕೆ ಬಂತಲ್ಲ ಅಂತ ಟೇಬಲ್ಲನ್ನು ಕಿಟಕಿ ಇರುವ ಗೋಡೆಗೆ ಅಂಟಿಸಿಬಿಡುತ್ತಾರೆ. ಸ್ಕ್ರೀನ್ ಒಂದು ಕನ್ನಡಿ ಅಂತ ಅಂದುಕೊಳ್ಳಿ. ನಿಮ್ಮ 24 ಇಂಚಿನದು ಸುಮಾರು 53 ಸೆಂ.ಮೀ. ಅಗಲ ಇರುತ್ತದೆ. 60 ಸೆಂ.ಮೀ. ದೂರದಲ್ಲಿ ಕೂತು ನೋಡಿದರೆ ಆ ಕನ್ನಡಿಯಲ್ಲಿ ನಿಮ್ಮ ಹಿಂದಿನ ಜಾಗ ಬೀಸಣಿಗೆಯ ಹಾಗೆ ಅಗಲವಾಗುತ್ತಾ ಕಾಣುತ್ತದೆ. ಪಕ್ಕದ ಗೋಡೆ ನಿಮ್ಮಿಂದ 5 ಅಡಿ ಆಚೆಗಿದ್ದರೆ, ಸ್ಕ್ರೀನಿನಿಂದ 9 ಅಡಿ ಹಿಂದಕ್ಕೆ ಹೋದ ಮೇಲಷ್ಟೇ ಆ ಗೋಡೆ ಬೀಸಣಿಗೆಯೊಳಗೆ ಬರುತ್ತದೆ. ಅದೇ ಗೋಡೆ ಎರಡೂವರೆ ಅಡಿ ಹತ್ತಿರವಿದ್ದರೆ, ಮೂರೂವರೆ ಅಡಿ ಹಿಂದಿನಿಂದಲೇ ಕಾಣಲು ಶುರುವಾಗುತ್ತದೆ.

ನಿಮ್ಮ ರೂಮಿಗೆ ಇದನ್ನು ಹಾಕಿ ನೋಡಿ. ಟೇಬಲ್ ಉತ್ತರದ ಗೋಡೆಯ ನಡುಮಧ್ಯೆ, ಸ್ಕ್ರೀನ್ ಗೋಡೆಯಿಂದ ಒಂದು ಅಡಿ ಈಚೆ. ಪಶ್ಚಿಮದ ಗೋಡೆಯ ಮಧ್ಯದಲ್ಲಿರುವ ನಿಮ್ಮ ಕಿಟಕಿ ಸ್ಕ್ರೀನಿನಿಂದ ಎರಡೂವರೆ ಅಡಿ ಹಿಂದೆ ಶುರುವಾಗಿ ಆರೂವರೆ ಅಡಿಗೆ ಮುಗಿಯುತ್ತದೆ. ನಡುಮಧ್ಯೆ ಕೂತರೆ ಅದು ಕಾಣುವುದೇ ಇಲ್ಲ. ಟೇಬಲ್ಲನ್ನು ಮೂಲೆಗೆ, ಕಿಟಕಿ ಕಡೆಗೆ ತಳ್ಳಿದಿರೋ, ಕಿಟಕಿಯ ಅರ್ಧಕ್ಕೂ ಹೆಚ್ಚು ಭಾಗ ಸ್ಕ್ರೀನಿನ ಎಡ ಅಂಚಿನಲ್ಲಿ ಬಂದು ನಿಲ್ಲುತ್ತದೆ. ಬೆಳಕಿಗೆ ಹತ್ತಿರ ಕೂರಬೇಕು ಅನ್ನುವ ಆಸೆ ಸಹಜ, ಆದರೆ ಇಲ್ಲಿ ಆ ಎರಡು ಅಡಿ ಬಿಟ್ಟುಕೊಡಲೇಬೇಕು. ಬೆನ್ನ ಹಿಂದಿನ ದಕ್ಷಿಣದ ಗೋಡೆಗೆ ಕನ್ನಡಿ ಇರುವ ಬೀರು ಮಾತ್ರ ಇಡಬೇಡಿ, ಕಿಟಕಿಯನ್ನು ಅದು ಮತ್ತೆ ಒಳಗೆ ತಂದುಬಿಡುತ್ತದೆ.

ಸಂಜೆಯ ಬಿಸಿಲು

ಪ್ರತಿಬಿಂಬ ಬೇರೆ, ಬಿಸಿಲು ನೇರ ಸ್ಕ್ರೀನಿನ ಮೇಲೆ ಬೀಳುವುದು ಬೇರೆ. ಪಶ್ಚಿಮದ ಕಿಟಕಿ ಅಂದಮೇಲೆ ಎರಡನೆಯದನ್ನೂ ನೋಡಬೇಕು. ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬಿನ ನಡುವೆ ಹಾಯ್ದು ಲಿಂಗದ ಮೇಲೆ ಬೀಳುತ್ತದಲ್ಲ, ಅದು ನೈರುತ್ಯದ ಕಡೆಯಿಂದ ಬರುವ ಓರೆ ಬಿಸಿಲು. ನಮ್ಮೂರಿನಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ, ಜೂನ್ ಕೊನೆಯಲ್ಲಿ ಅಷ್ಟೇ ಡಿಗ್ರಿ ಉತ್ತರಕ್ಕೆ.

ನೀವು ಉತ್ತರಕ್ಕೆ ಮುಖ ಮಾಡಿ ಕೂತಾಗ ಸ್ಕ್ರೀನಿನ ಮುಖ ದಕ್ಷಿಣಕ್ಕಿರುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ಸಂಜೆಯ ಬಿಸಿಲು ವಾಯವ್ಯದಿಂದ ಬಂದು ನಿಮ್ಮ ಬೆನ್ನ ಹಿಂದೆ ನೆಲದ ಮೇಲೆ ಬೀಳುತ್ತದೆ, ಸ್ಕ್ರೀನನ್ನು ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಹಾಗಲ್ಲ. ಡಿಸೆಂಬರ್, ಜನವರಿಯಲ್ಲಿ ಮೂರೂವರೆಯಿಂದ ಐದರವರೆಗೆ ಎಡ ಭುಜದ ಹಿಂದಿನಿಂದ ಓರೆಯಾಗಿ ಬಂದು ಸ್ಕ್ರೀನಿಗೆ ಬಡಿಯಬಹುದು. ಹಾಗೆ ಸ್ಕ್ರೀನ್ ತನಕ ತಲುಪುವ ಬಿಸಿಲು ಒಳಗೆ ಬರುವುದು ಕಿಟಕಿಯ ಯಾವ ಭಾಗದಿಂದ ಗೊತ್ತಾ? ಟೇಬಲ್ಲಿಗೆ ಹತ್ತಿರವಿರುವ ಉತ್ತರದ ತುದಿಯಿಂದ. ಆ ಅರ್ಧಕ್ಕೆ ಮಾತ್ರ ಕರ್ಟನ್ ಎಳೆದರೆ ಸಾಕು. ಇನ್ನರ್ಧ ತೆರೆದೇ ಇರಲಿ, ರೂಮು ಬೆಳಕಾಗಿರುತ್ತದೆ.

ಕರ್ಟನ್ ಯಾವುದು ಅನ್ನುವುದೂ ಮುಖ್ಯ. ತೆಳು ಬಿಳಿ ಬಟ್ಟೆಯ ಮೇಲೆ ನೇರ ಬಿಸಿಲು ಬಿದ್ದರೆ ಆ ಬಟ್ಟೆಯೇ ದೊಡ್ಡ ದೀಪದಂತೆ ಉರಿಯುತ್ತದೆ, ಕೆಲವೊಮ್ಮೆ ಬರೀ ಆಕಾಶಕ್ಕಿಂತ ಜಾಸ್ತಿ. ಪಶ್ಚಿಮಕ್ಕೆ ದಪ್ಪ ಬಟ್ಟೆ, ಇಲ್ಲವೇ ಕಿಟಕಿಯ ಹೊರಗೆ ಬಿದಿರಿನ ಪರದೆ. ಹೊರಗೆ ತಡೆದರೆ ಬಿಸಿಯೂ ಒಳಗೆ ಬರುವುದಿಲ್ಲ.

ಟ್ಯೂಬ್‌ಲೈಟ್ ಮತ್ತು ವಾಲು

ಟೇಬಲ್ ತಿರುಗಿಸಿದ ದಿನ ರಾತ್ರಿ ನಿಮಗೆ ಹೊಸದೊಂದು ಕಾಣಿಸುತ್ತದೆ. ದಕ್ಷಿಣದ ಗೋಡೆಯ ಟ್ಯೂಬ್‌ಲೈಟ್ ಈಗ ನಿಮ್ಮ ಬೆನ್ನ ಹಿಂದೆ ಬಂತು, ಸ್ಕ್ರೀನಿನಲ್ಲಿ ಬಿಳಿ ಕೋಲಿನ ಹಾಗೆ ಅಡ್ಡ ಮಲಗಿರುತ್ತದೆ. ಆಗ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮೊದಲು ಮಾನಿಟರ್ ಎಷ್ಟು ಹಿಂದಕ್ಕೆ ವಾಲಿದೆ ನೋಡಿ.

ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಅದರಲ್ಲಿ ಕಾಣುವ ನೋಟ ಎರಡು ಡಿಗ್ರಿ ತಿರುಗುತ್ತದೆ. ವಾಲಿನ ಕಷ್ಟ ಇರುವುದು ಇಲ್ಲೇ. ನಿಮ್ಮ ಕಣ್ಣು ನೆಲದಿಂದ 115 ಸೆಂ.ಮೀ. ಎತ್ತರದಲ್ಲಿದೆ, ಸ್ಕ್ರೀನಿನ ಮೇಲಂಚೂ ಅಷ್ಟೇ ಎತ್ತರದಲ್ಲಿದೆ, ಟ್ಯೂಬ್‌ಲೈಟ್ 210 ಸೆಂ.ಮೀ. ಎತ್ತರದಲ್ಲಿ, ಸ್ಕ್ರೀನಿಂದ ಹತ್ತು ಅಡಿ ಹಿಂದೆ ಇದೆ ಅಂತ ಇಟ್ಟುಕೊಳ್ಳೋಣ. ಸ್ಕ್ರೀನ್ 15 ಡಿಗ್ರಿ ಹಿಂದಕ್ಕೆ ವಾಲಿದ್ದರೆ ಅದರ ಮೇಲಂಚಿನಲ್ಲಿ ಹಿಂದಿನ ಗೋಡೆಯ 290 ಸೆಂ.ಮೀ. ಎತ್ತರದ ಜಾಗ, ಅಂದರೆ ಸೂರಿನ ಹತ್ತಿರದ ಜಾಗ ಕಾಣುತ್ತದೆ. ನಡುವೆ 187 ಸೆಂ.ಮೀ. ಎತ್ತರದ ಜಾಗ ಕಾಣುತ್ತದೆ. 210ರಲ್ಲಿರುವ ಟ್ಯೂಬ್‌ಲೈಟ್ ಸ್ಕ್ರೀನಿನ ನಡುವಿಗಿಂತ ಸ್ವಲ್ಪ ಮೇಲೆ ಬಂದು ಕೂರುತ್ತದೆ. ಕಣ್ಣು ಹೆಚ್ಚಾಗಿ ಓಡಾಡುವ ಜಾಗವೇ ಅದು. ವಾಲನ್ನು 5 ಡಿಗ್ರಿಗೆ ಇಳಿಸಿ. ಈಗ ಮೇಲಂಚಿನಲ್ಲಿ ಕಾಣುವುದು ಗೋಡೆಯ 169 ಸೆಂ.ಮೀ. ಎತ್ತರದ ಜಾಗ. ಟ್ಯೂಬ್‌ಲೈಟ್ ಅದಕ್ಕಿಂತ ಮೇಲಿದೆ, ಆದ್ದರಿಂದ ಸ್ಕ್ರೀನಿನಲ್ಲಿ ಇಲ್ಲ.

ಡಿಗ್ರಿ ಅಳೆಯಲು ಯಂತ್ರ ಬೇಡ. ಒಂದು ದೊಡ್ಡ ಪುಸ್ತಕವನ್ನು ಸ್ಕ್ರೀನಿನ ಕೆಳ ಅಂಚಿಗೆ ತಾಗಿಸಿ ನೆಟ್ಟಗೆ ನಿಲ್ಲಿಸಿ. ಮೇಲಂಚಿನ ಹತ್ತಿರ ಪುಸ್ತಕಕ್ಕೂ ಸ್ಕ್ರೀನಿಗೂ ಎಷ್ಟು ಸಂದು ಇದೆ ನೋಡಿ. ನಿಮ್ಮ ಮಾನಿಟರ್ ಸುಮಾರು 30 ಸೆಂ.ಮೀ. ಎತ್ತರ. ಸಂದು 8 ಸೆಂ.ಮೀ. ಇದ್ದರೆ ವಾಲು 15 ಡಿಗ್ರಿ, ಎರಡೂವರೆ ಸೆಂ.ಮೀ. ಇದ್ದರೆ 5 ಡಿಗ್ರಿ. ಎರಡು ಬೆರಳಿನಷ್ಟು ಸಂದಿ ಇದ್ದರೆ ಸಾಕು ಅಂತ ನೆನಪಿಟ್ಟುಕೊಳ್ಳಿ.

ಇದಕ್ಕೊಂದು ಮಿತಿ ಇದೆ. ನೀವು ಪ್ರೋಗ್ರೆಸಿವ್ ಕನ್ನಡಕ ಹಾಕುವವರಾದರೆ ಕೆಳಭಾಗದ ಗಾಜಿನಿಂದ ನೋಡಬೇಕಾಗುತ್ತದೆ. ಮಾನಿಟರ್ ತಗ್ಗಿನಲ್ಲಿದ್ದು ಜಾಸ್ತಿ ವಾಲಿದ್ದರೇ ಕುತ್ತಿಗೆಗೆ ಆರಾಮ. ಅಂಥವರು ದಯವಿಟ್ಟು ಕುತ್ತಿಗೆಯನ್ನು ಬಲಿ ಕೊಡಬೇಡಿ. ಟ್ಯೂಬ್‌ಲೈಟನ್ನೇ ಉತ್ತರದ ಗೋಡೆಗೆ, ಮಾನಿಟರಿನ ಮೇಲ್ಭಾಗಕ್ಕೆ ಹಾಕಿಸಿ. ಅಲ್ಲಿ ಅದು ಸ್ಕ್ರೀನಿನ ಮುಖಕ್ಕಿಂತ ಹಿಂದಕ್ಕೆ ಹೋಯಿತು. ಸ್ಕ್ರೀನಿನ ಮುಖಕ್ಕಿಂತ ಹಿಂದೆ ಇರುವ ಯಾವ ದೀಪವೂ ಅದರಲ್ಲಿ ಮೂಡುವುದಿಲ್ಲ.

ಟೇಬಲ್ ಲ್ಯಾಂಪಿಗೂ ಇದೇ ಲೆಕ್ಕ. ಕರಡಿನ ಹಾಳೆಗೆ ಬೆಳಕು ಬೇಕು ಅಂತ ಲ್ಯಾಂಪನ್ನು ಮುಂದಕ್ಕೆ ಬಾಗಿಸುತ್ತೀರಲ್ಲ, ಆಗ ಅದರ ತಲೆ ಸ್ಕ್ರೀನಿನ ಅಂಚಿನಿಂದ ಒಂದು ಗೇಣು ಆಚೆಗಿರಲಿ. ಬೆಳಕು ಕೆಳಗಷ್ಟೇ ಬೀಳುವ ಹಾಗೆ ಮುಚ್ಚಿದ ಟೋಪಿ ಇರಲಿ, ಬಲ್ಬು ಕಣ್ಣಿಗೆ ಕಾಣಬಾರದು.

ಈಗ ಮ್ಯಾಟ್ ವಿಷಯ

ಮ್ಯಾಟ್ ಸ್ಕ್ರೀನು ಬೆಳಕನ್ನು ನುಂಗುತ್ತದೆ ಅಂತ ಜನ ತಿಳಿದಿದ್ದಾರೆ. ಅದು ನುಂಗುವುದಿಲ್ಲ, ಹರಡುತ್ತದೆ. ಅದರ ಮೇಲ್ಮೈ ಸಣ್ಣದಾಗಿ ತರಿತರಿಯಾಗಿರುತ್ತದೆ, ಬಿದ್ದ ಬೆಳಕು ಹತ್ತಾರು ಕಡೆಗೆ ಚೆದುರುತ್ತದೆ. ಸಣ್ಣ ಬಲ್ಬಾದರೆ ಇದು ಬಹಳ ಉಪಯೋಗ. ಗ್ಲಾಸಿಯಲ್ಲಿ ಕಣ್ಣಿಗೆ ಚುಚ್ಚುವ ಚುಕ್ಕೆಯಾಗಿ ಕಾಣುವುದು ಮ್ಯಾಟಿನಲ್ಲಿ ಮಂದವಾದ ಮಬ್ಬಾಗಿ ಹರಡಿ ಹೋಗುತ್ತದೆ, ಅದರ ಮೇಲೆ ಓದಬಹುದು. ಆದರೆ ಕಿಟಕಿ ಮೊದಲೇ ದೊಡ್ಡದು. ಅದನ್ನು ಇನ್ನಷ್ಟು ಹರಡಿದರೆ ಕಂಬಿಗಳು ಕಾಣದೇ ಹೋಗುತ್ತವೆ ನಿಜ, ಆದರೆ ಆ 200 ನಿಟ್ ಬೆಳಕು ಎಲ್ಲಿಗೂ ಹೋಗಿರುವುದಿಲ್ಲ. ಅರ್ಧ ಸ್ಕ್ರೀನಿನ ತುಂಬಾ ಹಾಲು ಚೆಲ್ಲಿದ ಹಾಗೆ ಕೂತಿರುತ್ತದೆ. ಒಂದೇ ಲಾಭ ಅಂದರೆ ಕಣ್ಣಿನ ಎಳೆದಾಟ ತಪ್ಪುತ್ತದೆ. ಗ್ಲಾಸಿಯಲ್ಲಿ ಅಕ್ಷರ ಎರಡು ಅಡಿ ದೂರದಲ್ಲಿ, ಕಿಟಕಿಯ ಬಿಂಬ ಹತ್ತು ಅಡಿಗೂ ಆಚೆ, ಕಣ್ಣು ಎರಡರ ನಡುವೆ ಫೋಕಸ್ ಬದಲಿಸುತ್ತಲೇ ಇರುತ್ತದೆ. ಮ್ಯಾಟಿನಲ್ಲಿ ಹಿಡಿಯಲು ಆಕಾರವೇ ಇಲ್ಲದ್ದರಿಂದ ಆ ಆಯಾಸ ಕಡಿಮೆ.

ಅಂಟಿಸುವ ಶೀಟ್ ನಿಮ್ಮ ಕೆಲಸಕ್ಕೆ ಬೇಡವೇ ಬೇಡ. ತರಿಯಾದ ಪದರ ಅಕ್ಷರ ಮೂಡುವ ಪದರದಿಂದ ಎಷ್ಟು ದೂರ ಇರುತ್ತದೋ ಅಕ್ಷರ ಅಷ್ಟು ಮಸುಕಾಗುತ್ತದೆ. ಕಾರ್ಖಾನೆಯಲ್ಲಿ ಮಾಡಿದ ಮ್ಯಾಟಿನಲ್ಲಿ ಆ ಪದರ ಪ್ಯಾನಲ್ಲಿನ ಮೇಲೇ ಇರುತ್ತದೆ. ಶೀಟ್ ಆದರೆ ಮುಂದಿನ ಗಾಜಿನ ಮೇಲೆ, ಇನ್ನಷ್ಟು ದೂರ ಕೂರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಇದು ಹೇಗೋ ನಡೆದೀತು. ಕನ್ನಡದ ಕರಡು ತಿದ್ದುವಾಗ ನೀವು ಹುಡುಕುವುದೇ ಚಿಕ್ಕ ಚಿಕ್ಕ ಗುರುತುಗಳನ್ನು. 'ದ'ಗೂ 'ಧ'ಗೂ, 'ಪ'ಗೂ 'ಫ'ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು ಮಾತ್ರ. 'ರ'ದ ಹೊಟ್ಟೆಯಲ್ಲಿ ಒಂದು ಚುಕ್ಕೆ ಬಿದ್ದರೆ 'ಠ'. 24 ಇಂಚಿನ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ ಸಣ್ಣ ಅಕ್ಷರದ ಆ ಸೀಳಿಗೆ ಸಿಗುವುದು ಒಂದೆರಡು ಪಿಕ್ಸೆಲ್ ಅಷ್ಟೇ. ಒತ್ತಕ್ಷರಗಳ ಗತಿ ಇನ್ನೂ ಕಷ್ಟ. ಬಿಳಿ ಪುಟದ ಮೇಲೆ ಮರಳು ಉದುರಿಸಿದ ಹಾಗೆ ಮಿನುಗುವ ಶೀಟಿನ ಹಿಂದೆ ಅವನ್ನು ದಿನಕ್ಕೆ ಎಂಟು ಗಂಟೆ ಹುಡುಕುವುದು ಬೇಡ.

ಇದೇ ಕಾರಣಕ್ಕೆ, ಬೆಳಕು ನಿಮ್ಮ ಹಿಡಿತಕ್ಕೆ ಬಂದರೆ ಗ್ಲಾಸಿಯೇ ನಿಮ್ಮ ಕೆಲಸಕ್ಕೆ ಒಳ್ಳೆಯದು ಅನ್ನುತ್ತೇನೆ. ಅಕ್ಷರದ ಅಂಚು ಚೂಪಾಗಿರುತ್ತದೆ, ಕಪ್ಪು ಕಪ್ಪಾಗಿರುತ್ತದೆ. ಹಗಲು ಹೊತ್ತು ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಮಾತ್ರ ಬೇಡ, ಬಿಂಬ ಎದ್ದು ಕಾಣುವುದು ಕಪ್ಪಿನ ಮೇಲೇ.

ರೂಮಿನಲ್ಲಿ ಮಂಚವೋ ಬೀರುವೋ ಅಡ್ಡ ಬಂದು ಟೇಬಲ್ ತಿರುಗಿಸಲು ಜಾಗವೇ ಇಲ್ಲ ಅಂತಾದರೆ ಮಾತು ಬೇರೆ. ಆಗ ದಪ್ಪ ಕರ್ಟನ್ ಜೊತೆ ಮ್ಯಾಟ್ ಮಾನಿಟರ್ ತಗೊಳ್ಳಿ. ಎಸ್.ಪಿ. ರೋಡಿನಲ್ಲಿ ಅಂಗಡಿಯವರು 'ಆಂಟಿ-ಗ್ಲೇರ್, 3ಎಚ್' ಅಂತ ಓದಿ ಹೇಳುತ್ತಾರೆ. 3ಎಚ್ ಅನ್ನುವುದು ಗೀರು ತಡೆಯುವ ಗಟ್ಟಿತನದ ಅಳತೆ, ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ. ಕೇಳಬೇಕಾದ್ದು ಹೇಜ್, ಅಂದರೆ ಸ್ಕ್ರೀನಿನ ಮೇಲ್ಮೈ ಬೆಳಕನ್ನು ಹರಡುವ ಅಳತೆ, ಎಷ್ಟು ಪರ್ಸೆಂಟ್ ಅಂತ. ಆಫೀಸ್ ಮಾನಿಟರುಗಳಲ್ಲಿ 25 ಸಾಮಾನ್ಯ. ಅದಕ್ಕಿಂತ ಕಡಿಮೆ ಇದ್ದಷ್ಟೂ ಅಕ್ಷರ ಚೂಪು, ಬಿಂಬ ಸ್ವಲ್ಪ ಜಾಸ್ತಿ. ನಿಮಗೆ ಕಡಿಮೆ ಹೇಜಿನದೇ ಇರಲಿ.

ಅಂಗಡಿಯಲ್ಲಿ ಹೀಗೆ ನೋಡಿ. ಮಾನಿಟರ್ ಆಫ್ ಮಾಡಿಸಿ, ಫೋನಿನ ಟಾರ್ಚನ್ನು ಭುಜದ ಹತ್ತಿರ ಹಿಡಿದು ಸ್ಕ್ರೀನಿಗೆ ಬಿಡಿ. ಚುಕ್ಕೆ ಚುಕ್ಕೆಯಾಗೇ, ಬೆಳ್ಳಗೆ ಕಂಡರೆ ಸಾದಾ ಗ್ಲಾಸಿ. ಸುತ್ತ ಮಬ್ಬು ಹರಡಿದರೆ ಮ್ಯಾಟ್. ಚುಕ್ಕೆ ಚೂಪಾಗೇ ಇದ್ದು, ಮಂಕಾಗಿ, ನೇರಳೆ ಅಥವಾ ಹಸಿರು ಛಾಯೆಯಲ್ಲಿ ಕಂಡರೆ ಅದರ ಮೇಲೆ ಪ್ರತಿಫಲನ ತಗ್ಗಿಸುವ ಲೇಪನ ಇದೆ. ಕನ್ನಡಕದ ಗಾಜಿಗೆ ಹಾಕುತ್ತಾರಲ್ಲ, ಅಂಥದ್ದೇ. ಇದು ಬೆಳಕನ್ನು ಹರಡುವುದಿಲ್ಲ, ವಾಪಸ್ ಬರುವುದನ್ನೇ ಕಡಿಮೆ ಮಾಡುತ್ತದೆ. ನೂರಕ್ಕೆ ನಾಲ್ಕಿದ್ದದ್ದು ಒಂದೆರಡಕ್ಕೆ ಇಳಿಯುತ್ತದೆ. ಬೆಲೆ ಜಾಸ್ತಿ, ಬೆರಳಿನ ಗುರುತು ಬೇಗ ಕಾಣುತ್ತದೆ. ಆದರೂ ದಿನವಿಡೀ ಸಣ್ಣ ಅಕ್ಷರ ಓದುವವರು ಹೊಸದು ಕೊಳ್ಳುವುದೇ ಆದರೆ ನಾನು ಮೊದಲು ತೋರಿಸುವುದು ಇದನ್ನೇ. ಹೋಗುವಾಗ ನಿಮ್ಮ ಪುಸ್ತಕದ ಒಂದು ಪುಟವನ್ನು ಪೆನ್‌ಡ್ರೈವಿನಲ್ಲಿ ತಗೊಂಡು ಹೋಗಿ. ಒತ್ತಕ್ಷರ ಜಾಸ್ತಿ ಇರುವ ಪುಟ ಇರಲಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೇ ತೆರೆದು ಓದಿ ನೋಡಿ.